ನಸುಗೆಂಪು ಹೂವು ಮತ್ತು ಎಬಿ ರಕ್ತ: ಅನುಪಾತ ಒಂದೇ, ಅರ್ಥ ಬೇರೆ

ತಂದೆಯ ರಕ್ತದ ಗುಂಪು ಎಬಿ, ತಾಯಿಯದು ಓ. ಇಬ್ಬರು ಮಕ್ಕಳು. ಮಗಳದು ಎ, ಮಗನದು ಬಿ. ಇಬ್ಬರಲ್ಲಿ ಒಬ್ಬರಿಗೂ ಅಪ್ಪನ ಗುಂಪು ಬಂದಿಲ್ಲ, ಅಮ್ಮನದೂ ಬಂದಿಲ್ಲ. ಹೀಗೂ ಆಗುತ್ತದೆಯೇ ಎಂದು ಮನೆಮಂದಿ ಗಾಬರಿಪಡುವುದುಂಟು. ಆದರೆ ಗಾಬರಿಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಈ ದಂಪತಿಗೆ ಎಷ್ಟು ಮಕ್ಕಳಾದರೂ ಅವರು ಎ ಇಲ್ಲವೇ ಬಿ ಗುಂಪಿನವರೇ ಆಗಿರಬೇಕು. ಎಬಿ ಅಥವಾ ಓ ಬಂದಿದ್ದರೇ ವೈದ್ಯರು ಹುಬ್ಬೇರಿಸಬೇಕಿತ್ತು.

ಈ ಲೆಕ್ಕವನ್ನು ಬಿಡಿಸಲು ಬೇಕಾದದ್ದು ಹೈಸ್ಕೂಲು ಮತ್ತು ಪಿಯುಸಿ ಮಟ್ಟದ ಜೀವಶಾಸ್ತ್ರ ಮಾತ್ರ. ಅಲ್ಲಿ ಅಕ್ಕಪಕ್ಕದಲ್ಲೇ ಬರುವ ಎರಡು ಪದಗಳು ವಿದ್ಯಾರ್ಥಿಗಳನ್ನು ಬಹಳವಾಗಿ ಗೊಂದಲಕ್ಕೆ ದೂಡುತ್ತವೆ: ಅಪೂರ್ಣ ಪ್ರಬಲತೆ ಮತ್ತು ಸಹಪ್ರಬಲತೆ. ವ್ಯಾಖ್ಯೆ ಬಾಯಿಪಾಠ ಮಾಡಿದವರೂ ಉದಾಹರಣೆ ಕೊಡುವಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದುಬಿಡುತ್ತಾರೆ. ಅದಕ್ಕೆ ಕಾರಣವೂ ಇದೆ. ಎರಡರಲ್ಲೂ ಬರುವ ಅನುಪಾತ ಒಂದೇ. ಲೆಕ್ಕದ ಉತ್ತರವನ್ನಷ್ಟೇ ನೋಡಿದರೆ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ.

ಸಂಜೆಮಲ್ಲಿಗೆಯ ಬಣ್ಣ

ಮೊದಲು ಮೆಂಡಲ್ ಹೇಳಿದ್ದನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಪ್ರತಿ ಲಕ್ಷಣಕ್ಕೂ ಜೀವಿಯಲ್ಲಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಒಂದೇ ವಂಶವಾಹಿಗೆ ಬೇರೆ ಬೇರೆ ರೂಪಗಳಿರಬಹುದು. ಆ ರೂಪಗಳನ್ನು ಆಲೀಲ್ ಎನ್ನುತ್ತಾರೆ. ಎರಡು ಪ್ರತಿಗಳೂ ಒಂದೇ ಆಲೀಲ್ ಆಗಿದ್ದರೆ ಅದು ಶುದ್ಧ ಜೋಡಿ, ಬೇರೆ ಬೇರೆಯಾಗಿದ್ದರೆ ಮಿಶ್ರ ಜೋಡಿ. ಮೆಂಡಲ್ ಆರಿಸಿಕೊಂಡ ಬಟಾಣಿ ಗಿಡಗಳಲ್ಲಿ ಮಿಶ್ರ ಜೋಡಿಯ ಗಿಡ ಥೇಟ್ ಶುದ್ಧ ಎತ್ತರದ ಗಿಡದಂತೆಯೇ ಎತ್ತರವಾಗಿತ್ತು. ಒಂದು ಆಲೀಲ್ ಇನ್ನೊಂದನ್ನು ಪೂರ್ತಿ ಮರೆಮಾಡಿತ್ತು. ಇದು ಪೂರ್ಣ ಪ್ರಬಲತೆ.

1900ರಲ್ಲಿ ಮೆಂಡಲ್‌ನ ಮರೆತುಹೋದ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಒಬ್ಬ. ಆತ ಸಂಜೆಮಲ್ಲಿಗೆಯ ಮೇಲೂ ಪ್ರಯೋಗ ನಡೆಸಿದ. ನಮ್ಮ ಹಿತ್ತಿಲುಗಳಲ್ಲಿ ಇಳಿಹೊತ್ತಿಗೆ ಅರಳುವ, ಕರಿಮೆಣಸಿನಂಥ ಬೀಜ ಬಿಡುವ ಅದೇ ಗಿಡ. ಕೆಂಪು ಹೂವಿನ ಶುದ್ಧ ತಳಿಯನ್ನು ಬಿಳಿ ಹೂವಿನ ಶುದ್ಧ ತಳಿಯೊಂದಿಗೆ ಸಂಕರಿಸಿದಾಗ ಮೊದಲ ಪೀಳಿಗೆಯ ಗಿಡಗಳೆಲ್ಲ ನಸುಗೆಂಪು ಹೂ ಬಿಟ್ಟವು. ಅತ್ತ ಕೆಂಪೂ ಅಲ್ಲ, ಇತ್ತ ಬಿಳಿಯೂ ಅಲ್ಲ, ನಡುವಿನ ಬಣ್ಣ.

ಎರಡು ಬಣ್ಣಗಳು ಕಲಸಿಹೋದವು ಎಂದು ಇಲ್ಲಿಗೇ ತೀರ್ಮಾನಿಸಿಬಿಟ್ಟರೆ ತಪ್ಪು. ನಸುಗೆಂಪು ಹೂವನ್ನು ಅದರದೇ ಪರಾಗದಿಂದ ಫಲಗೊಳಿಸಿ, ಆ ಬೀಜ ಬಿತ್ತಿ ನೋಡಬೇಕು. ಕೆಂಪಿನ ಆಲೀಲನ್ನು R ಎಂದೂ ಬಿಳಿಯದನ್ನು W ಎಂದೂ ಬರೆಯೋಣ. ನಸುಗೆಂಪು ಗಿಡ ಎಂದರೆ RW. ಅದರ ಪರಾಗದಲ್ಲಿ ಅರ್ಧಕ್ಕೆ R, ಅರ್ಧಕ್ಕೆ W. ಅಂಡಗಳಲ್ಲೂ ಹಾಗೆಯೇ. ಇವು ಕೂಡಿದಾಗ ನಾಲ್ಕು ಸಾಧ್ಯತೆಗಳು: RR, RW, WR, WW. ಅಂದರೆ ಒಂದು ಪಾಲು ಕೆಂಪು, ಎರಡು ಪಾಲು ನಸುಗೆಂಪು, ಒಂದು ಪಾಲು ಬಿಳಿ. 80 ಬೀಜ ಮೊಳೆತರೆ ಸುಮಾರು 20 ಕೆಂಪು, 40 ನಸುಗೆಂಪು, 20 ಬಿಳಿ ನಿರೀಕ್ಷಿಸಬಹುದು. ಅಚ್ಚ ಕೆಂಪು ಮತ್ತು ಅಚ್ಚ ಬಿಳಿ ಎರಡೂ ಒಂದಿಷ್ಟೂ ಕೆಡದೆ ಮರಳಿ ಬಂದಿವೆ. ಕಲಸಿಹೋಗಿದ್ದರೆ ಹೀಗೆ ಮರಳುವಂತಿರಲಿಲ್ಲ. ಬೆರೆತದ್ದು ಹೂವಿನ ಬಣ್ಣ ಮಾತ್ರ, ಒಳಗಿನ ಆಲೀಲ್‌ಗಳು ಬೇರೆಬೇರೆಯಾಗಿಯೇ ಉಳಿದಿದ್ದವು.

ನಡುವಿನ ಬಣ್ಣ ಬಂದದ್ದಾದರೂ ಹೇಗೆ? ಕೆಂಪಿನ ಆಲೀಲ್ ಬಣ್ಣದ ತಯಾರಿಕೆಗೆ ನೆರವಾಗುತ್ತದೆ, ಬಿಳಿಯ ಆಲೀಲ್ ಆಗುವುದಿಲ್ಲ. ಎರಡು ಕೆಂಪು ಆಲೀಲ್ ಇದ್ದ ಕಡೆ ಬಣ್ಣ ದಟ್ಟ. ಒಂದೇ ಇದ್ದ ಕಡೆ ಬಣ್ಣದ ಪ್ರಮಾಣ ಕಡಿಮೆ, ಹಾಗಾಗಿ ತೆಳು ಕೆಂಪು. ಇಲ್ಲಿ ತಯಾರಾಗುವ ವಸ್ತು ಒಂದೇ, ಅದು ಎಷ್ಟು ತಯಾರಾಯಿತು ಎಂಬುದೊಂದೇ ವ್ಯತ್ಯಾಸ. ಅಪೂರ್ಣ ಪ್ರಬಲತೆಯ ತಿರುಳು ಇದೇ. ನಸುಗೆಂಪು ಸಂಜೆಮಲ್ಲಿಗೆಯ ಶುದ್ಧ ತಳಿ ಮಾಡಿಟ್ಟುಕೊಳ್ಳುತ್ತೇನೆ ಎಂದು ಹೊರಟವರಿಗೆ ಅದು ಕೈಗೂಡದಿರುವುದೂ ಇದರಿಂದಲೇ. ನಸುಗೆಂಪು ಯಾವಾಗಲೂ ಮಿಶ್ರ ಜೋಡಿ. ಅದರ ಬೀಜದಲ್ಲಿ ಅರ್ಧದಷ್ಟು ಮತ್ತೆ ಕೆಂಪಿಗೋ ಬಿಳಿಗೋ ಹೋಗುತ್ತದೆ. ಎಲ್ಲ ಗಿಡಗಳೂ ನಸುಗೆಂಪೇ ಆಗಬೇಕೆಂದರೆ ಪ್ರತಿ ಬಾರಿಯೂ ಶುದ್ಧ ಕೆಂಪು ಮತ್ತು ಶುದ್ಧ ಬಿಳಿಯನ್ನು ಕೂಡಿಸಬೇಕು.

ಗಾಜಿನ ಪಟ್ಟಿಯ ಮೇಲಿನ ಹನಿಗಳು

ಈಗ ರಕ್ತಕ್ಕೆ ಬರೋಣ. ಲ್ಯಾಬಿನಲ್ಲಿ ಗುಂಪು ಪರೀಕ್ಷಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಸಹಪ್ರಬಲತೆ ಎಂದರೇನೆಂದು ವ್ಯಾಖ್ಯೆಯಿಲ್ಲದೆಯೇ ಅರ್ಥವಾಗುತ್ತದೆ. ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಮೂರು ಕಡೆ ರಕ್ತದ ಹನಿ ಇಡುತ್ತಾರೆ. ಮೊದಲನೆಯದಕ್ಕೆ ನೀಲಿ ಬಣ್ಣದ ಆಂಟಿ-ಎ ದ್ರವ, ಎರಡನೆಯದಕ್ಕೆ ಹಳದಿ ಬಣ್ಣದ ಆಂಟಿ-ಬಿ, ಮೂರನೆಯದಕ್ಕೆ ಬಣ್ಣವಿಲ್ಲದ ಆಂಟಿ-ಡಿ. ಪ್ರತಿ ಹನಿಯನ್ನೂ ಬೇರೆ ಬೇರೆ ಕಡ್ಡಿಯಿಂದ ಕಲಸಿ, ಪಟ್ಟಿಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸುತ್ತಾರೆ. ಒಂದೆರಡು ನಿಮಿಷದೊಳಗೆ ಉತ್ತರ ಸಿಗುತ್ತದೆ. ಕೆಲವು ಹನಿಗಳು ನಯವಾಗಿ ಒಂದೇ ಸಮನೆ ಕೆಂಪಾಗಿ ಉಳಿಯುತ್ತವೆ. ಕೆಲವದರಲ್ಲಿ ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಹರಳುಹರಳಾಗಿ ಒಡೆದು, ನಡುವೆ ತಿಳಿಯಾದ ದ್ರವ ಕಾಣಿಸುತ್ತದೆ. ಇದು ಗಾಯವಾದಾಗ ರಕ್ತ ಹೆಪ್ಪುಗಟ್ಟುವಂಥದ್ದಲ್ಲ. ಕಣಗಳ ಮೇಲ್ಮೈಯಲ್ಲಿರುವ ಗುರುತನ್ನು, ಅಂದರೆ ಆಂಟಿಜನ್ನನ್ನು, ದ್ರವದಲ್ಲಿರುವ ಆಂಟಿಬಾಡಿ ಹಿಡಿದುಕೊಂಡು ಕಣಗಳನ್ನು ಒಟ್ಟುಗೂಡಿಸುವುದು.

ಎ ಗುಂಪಿನ ರಕ್ತ ಆಂಟಿ-ಎ ಜೊತೆ ಮಾತ್ರ ಹರಳಾಗುತ್ತದೆ. ಬಿ ಗುಂಪಿನದು ಆಂಟಿ-ಬಿ ಜೊತೆ ಮಾತ್ರ. ಓ ಗುಂಪಿನದು ಇವೆರಡರಲ್ಲೂ ನಯವಾಗಿಯೇ ಉಳಿಯುತ್ತದೆ. ಎಬಿ ಗುಂಪಿನದು ಎರಡರಲ್ಲೂ ಸ್ಪಷ್ಟವಾಗಿ ಹರಳಾಗುತ್ತದೆ. ಮೂರನೆಯ ಹನಿ ಹೇಳುವುದು ಪಾಸಿಟಿವ್ ಅಥವಾ ನೆಗೆಟಿವ್ ಎಂಬುದನ್ನು. ಅದು ಬೇರೆಯೇ ವಂಶವಾಹಿಯ ಕೆಲಸವಾದ್ದರಿಂದ ಇಲ್ಲಿ ಬದಿಗಿಡೋಣ.

ಎಬಿ ರಕ್ತದ ಆ ಎರಡು ಹನಿಗಳನ್ನು ಗಮನವಿಟ್ಟು ನೋಡಬೇಕು. ಎ ಮತ್ತು ಬಿ ಸೇರಿ ನಡುವಿನ ಮೂರನೆಯ ಗುರುತೊಂದು ಹುಟ್ಟಿದ್ದರೆ ಅದನ್ನು ಅಪೂರ್ಣ ಪ್ರಬಲತೆ ಎನ್ನಬಹುದಿತ್ತು. ಅಂಥ ಗುರುತು ಇಲ್ಲವೇ ಇಲ್ಲ. ಒಂದೇ ರಕ್ತಕಣದ ಮೇಲೆ ಎ ಗುರುತೂ ಇದೆ, ಬಿ ಗುರುತೂ ಇದೆ, ಎರಡೂ ತಮ್ಮ ತಮ್ಮ ಆಂಟಿಬಾಡಿಗೆ ಓಗೊಡುತ್ತವೆ. ಇದು ಸಹಪ್ರಬಲತೆ.

ಸಕ್ಕರೆಯ ಕೊನೆಯ ತುಣುಕು

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿ ಬರೆದದ್ದು 1901ರಲ್ಲಿ. ಅದಕ್ಕಾಗಿ ಅವರಿಗೆ 1930ರಲ್ಲಿ ನೊಬೆಲ್ ಬಂತು. ಈ ಗುಂಪುಗಳು ಒಂದೇ ವಂಶವಾಹಿಯ ಮೂರು ಆಲೀಲ್‌ಗಳಿಂದ ಬರುತ್ತವೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್. ಆ ಮೂರನ್ನು Iᴬ, Iᴮ, i ಎಂದು ಬರೆಯುತ್ತಾರೆ. ಆಲೀಲ್ ಮೂರಿದ್ದರೂ ಒಬ್ಬ ವ್ಯಕ್ತಿಯಲ್ಲಿ ಇರುವುದು ಎರಡೇ ಪ್ರತಿ ಎಂಬುದನ್ನು ಮರೆಯಬಾರದು.

ಈ ವಂಶವಾಹಿ ಇರುವುದು 9ನೇ ವರ್ಣತಂತುವಿನಲ್ಲಿ. ಅದು ಹೇಳಿಕೊಟ್ಟಂತೆ ದೇಹದಲ್ಲಿ ಒಂದು ಕಿಣ್ವ ತಯಾರಾಗುತ್ತದೆ. ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಸಕ್ಕರೆಯ ತುಣುಕುಗಳ ಸರಪಳಿಗಳಿರುತ್ತವೆ. ಅವಕ್ಕೆ ಎಚ್ ಆಂಟಿಜನ್ ಎಂದು ಹೆಸರು. Iᴬ ತಯಾರಿಸುವ ಕಿಣ್ವ ಆ ಸರಪಳಿಯ ತುದಿಗೆ ಒಂದು ಬಗೆಯ ಸಕ್ಕರೆ ಜೋಡಿಸುತ್ತದೆ, ಆಗ ಅದು ಎ ಆಂಟಿಜನ್. Iᴮ ತಯಾರಿಸುವ ಕಿಣ್ವ ಬೇರೊಂದು ಸಕ್ಕರೆಯನ್ನು, ಗ್ಯಾಲಾಕ್ಟೋಸನ್ನು, ಜೋಡಿಸುತ್ತದೆ, ಆಗ ಅದು ಬಿ ಆಂಟಿಜನ್. ಸಾಮಾನ್ಯವಾಗಿ ಕಾಣುವ i ಆಲೀಲ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದಿನ ಸಂದೇಶವೆಲ್ಲ ತಪ್ಪಿಹೋಗಿ, ಕೆಲಸಕ್ಕೆ ಬಾರದ ಕಿಣ್ವ ತಯಾರಾಗುತ್ತದೆ. ಸರಪಳಿ ಇದ್ದಂತೆಯೇ ಉಳಿಯುತ್ತದೆ. ಅದೇ ಓ ಗುಂಪು.

ಈಗ ಎರಡೂ ಬಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಂಜೆಮಲ್ಲಿಗೆಯಲ್ಲಿ ಒಂದು ಆಲೀಲ್ ಕೆಲಸ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಫಲವಾಗಿ ಒಂದೇ ವಸ್ತುವಿನ ಪ್ರಮಾಣ ತಗ್ಗುತ್ತದೆ. ಎಬಿ ರಕ್ತದಲ್ಲಿ ಎರಡೂ ಆಲೀಲ್‌ಗಳು ಕೆಲಸ ಮಾಡುತ್ತವೆ, ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಫಲವಾಗಿ ಎರಡು ವಸ್ತುಗಳು ಒಟ್ಟಿಗೇ ಇರುತ್ತವೆ. ಎರಡೂ ಕಿಣ್ವಗಳು ಅದೇ ಎಚ್ ಸರಪಳಿಗಳನ್ನೇ ಹಂಚಿಕೊಳ್ಳಬೇಕಾದ್ದರಿಂದ ಎಬಿ ಕಣದ ಮೇಲೆ ಎ ಗುರುತುಗಳ ಸಂಖ್ಯೆ ಎ ಗುಂಪಿನ ಕಣದಲ್ಲಿ ಇರುವುದಕ್ಕಿಂತ ಕಡಿಮೆ ಇರುತ್ತದೆ, ನಿಜ. ಆದರೂ ಪ್ರತಿ ಸರಪಳಿಯ ತುದಿಯಲ್ಲಿ ಇರುವುದು ಎ ಇಲ್ಲವೇ ಬಿ, ಎರಡರ ನಡುವಿನದು ಯಾವುದೂ ಇಲ್ಲ.

ಜಾಣ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಎತ್ತಬೇಕು. Iᴬ i ಇರುವವರಲ್ಲೂ ಕೆಲಸ ಮಾಡುವ ಆಲೀಲ್ ಒಂದೇ. ಹಾಗಿದ್ದರೆ ಸಂಜೆಮಲ್ಲಿಗೆಯಂತೆ ಅವರದು ಅರೆಬರೆ ಎ ಆಗಬೇಕಿತ್ತಲ್ಲ? ಆಗದಿರುವುದಕ್ಕೆ ಕಾರಣ, ಕಿಣ್ವ ತಾನು ಖರ್ಚಾಗದೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ರಾತ್ರಿಯಿಡೀ ಬಿಟ್ಟರೆ ಒಂದು ನಲ್ಲಿಯೂ ತೊಟ್ಟಿ ತುಂಬಿಸುತ್ತದೆ, ಎರಡು ನಲ್ಲಿಯೂ ತುಂಬಿಸುತ್ತವೆ. ಬೆಳಗ್ಗೆ ಎದ್ದು ನೋಡಿದವರಿಗೆ ಎರಡು ತೊಟ್ಟಿಗಳ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. Iᴬ Iᴬ ಮತ್ತು Iᴬ i ಎರಡೂ ಗಾಜಿನ ಪಟ್ಟಿಯ ಮೇಲೆ ಒಂದೇ ರೀತಿ ಹರಳಾಗುವುದು ಹೀಗೆ. ಆದ್ದರಿಂದ i ಎದುರು Iᴬ ಪೂರ್ಣ ಪ್ರಬಲ, i ಎದುರು Iᴮ ಕೂಡ ಪೂರ್ಣ ಪ್ರಬಲ, Iᴬ ಮತ್ತು Iᴮ ಎದುರುಬದುರಾದಾಗ ಮಾತ್ರ ಸಹಪ್ರಬಲ. ಪ್ರಬಲತೆ ಒಂಟಿ ಆಲೀಲ್‌ನ ಗುಣವಲ್ಲ, ಎರಡು ಆಲೀಲ್‌ಗಳ ನಡುವಿನ ಸಂಬಂಧ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಗೊಂದಲದ ಬಹುಪಾಲು ಕರಗುತ್ತದೆ.

ಅನುಪಾತದ ವಿಷಯಕ್ಕೆ ಮತ್ತೆ ಬರೋಣ. ತಂದೆ ತಾಯಿ ಇಬ್ಬರೂ ಎಬಿ ಆಗಿದ್ದರೆ ಮಕ್ಕಳಲ್ಲಿ ಒಂದು ಪಾಲು ಎ, ಎರಡು ಪಾಲು ಎಬಿ, ಒಂದು ಪಾಲು ಬಿ. ನಸುಗೆಂಪು ಹೂವಿನದೂ ಇದೇ 1:2:1. ಅದಕ್ಕೇ ಪರೀಕ್ಷೆಯಲ್ಲಿ ಬರೀ ಅನುಪಾತ ಕೊಟ್ಟು ಇದು ಯಾವ ಬಗೆಯೆಂದು ಕೇಳಿದರೆ ಉತ್ತರ ಸಿಗದು. ಮಿಶ್ರ ಜೋಡಿಯ ಜೀವಿ ಹೇಗೆ ಕಾಣುತ್ತದೆ ಎಂದು ನೋಡಬೇಕು. ನಡುವಿನ ರೂಪವಿದ್ದರೆ ಅಪೂರ್ಣ ಪ್ರಬಲತೆ, ಎರಡೂ ರೂಪಗಳು ಬೇರೆಬೇರೆಯಾಗಿ ಕಂಡರೆ ಸಹಪ್ರಬಲತೆ.

ಲೆಕ್ಕಕ್ಕೆ ಕೂರೋಣ

ಲೆಕ್ಕ ಮಾಡುವ ಮೊದಲು ಒಂದು ಪಟ್ಟಿಯನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ.

| ರಕ್ತದ ಗುಂಪು | ಇರಬಹುದಾದ ಜೋಡಿ |
|---|---|
| ಎ | Iᴬ Iᴬ ಅಥವಾ Iᴬ i |
| ಬಿ | Iᴮ Iᴮ ಅಥವಾ Iᴮ i |
| ಎಬಿ | Iᴬ Iᴮ |
| ಓ | i i |

ಎಬಿ ಮತ್ತು ಓ ಎಂದ ಕೂಡಲೇ ಜೋಡಿ ಯಾವುದೆಂದು ಖಚಿತವಾಗುತ್ತದೆ. ಎ ಅಥವಾ ಬಿ ಎಂದರೆ ಎರಡು ಸಾಧ್ಯತೆ. ಅಲ್ಲಿ ಅವಸರಪಟ್ಟು ಒಂದನ್ನೇ ಬರೆದುಕೊಂಡಾಗಲೇ ಲೆಕ್ಕ ತಪ್ಪುವುದು.

ಮೊದಲ ಲೆಕ್ಕ ಎಬಿ ತಂದೆ ಮತ್ತು ಓ ತಾಯಿಯದು. ತಂದೆ Iᴬ Iᴮ, ಆತನ ವೀರ್ಯಾಣುಗಳಲ್ಲಿ ಅರ್ಧಕ್ಕೆ Iᴬ, ಅರ್ಧಕ್ಕೆ Iᴮ. ತಾಯಿ i i, ಆಕೆಯ ಎಲ್ಲ ಅಂಡಗಳಲ್ಲೂ i. ಮಗು Iᴬ i ಆದರೆ ಎ, Iᴮ i ಆದರೆ ಬಿ. ಸಾಧ್ಯತೆ ಅರ್ಧ, ಅರ್ಧ. ಓ ಆಗಬೇಕಾದರೆ ಇಬ್ಬರಿಂದಲೂ i ಬರಬೇಕು, ತಂದೆಯ ಬಳಿ ಅದಿಲ್ಲ. ಎಬಿ ಆಗಬೇಕಾದರೆ ತಾಯಿಯಿಂದ Iᴬ ಅಥವಾ Iᴮ ಬರಬೇಕು, ಆಕೆಯ ಬಳಿ ಅವೆರಡೂ ಇಲ್ಲ.

ಎರಡನೆಯ ಲೆಕ್ಕ ಹಿಮ್ಮುಖವಾದದ್ದು. ತಂದೆ ಎ, ತಾಯಿ ಬಿ, ಮೊದಲ ಮಗು ಓ. ಮುಂದಿನ ಮಗು ಎಬಿ ಆಗುವ ಸಾಧ್ಯತೆ ಎಷ್ಟು? ಇಲ್ಲಿ ಮಗುವಿನಿಂದ ಶುರುಮಾಡಬೇಕು. ಮಗು i i. ಒಂದು i ತಂದೆಯಿಂದ, ಒಂದು ತಾಯಿಯಿಂದ ಬಂದಿರಲೇಬೇಕು. ಹಾಗಾಗಿ ತಂದೆ Iᴬ i, ತಾಯಿ Iᴮ i. ಇನ್ನು ಪನೆಟ್ ಚೌಕ ಹಾಕಬಹುದು.

| | ತಾಯಿಯಿಂದ Iᴮ | ತಾಯಿಯಿಂದ i |
|---|---|---|
| ತಂದೆಯಿಂದ Iᴬ | Iᴬ Iᴮ (ಎಬಿ) | Iᴬ i (ಎ) |
| ತಂದೆಯಿಂದ i | Iᴮ i (ಬಿ) | i i (ಓ) |

ಒಂದೇ ಮನೆಯಲ್ಲಿ ನಾಲ್ಕೂ ಗುಂಪುಗಳು ಹುಟ್ಟಬಹುದು, ಪ್ರತಿಯೊಂದರ ಸಾಧ್ಯತೆ 1/4. ಮುಂದಿನ ಮಗು ಎಬಿ ಆಗುವ ಸಾಧ್ಯತೆಯೂ 1/4. ನಾಲ್ವರಲ್ಲಿ ಒಬ್ಬರು ಓ ಆಗಬೇಕಿತ್ತು, ಆಗಿಹೋಯಿತು, ಉಳಿದ ಮೂವರು ಬೇರೆ ಗುಂಪಿನವರೇ ಎಂದು ಬರೆಯುವ ವಿದ್ಯಾರ್ಥಿಗಳುಂಟು. ಅದು ಸರಿಯಲ್ಲ. ಮೊದಲು ಹುಟ್ಟಿದ್ದು ಯಾವ ಗುಂಪು ಎಂಬುದು ಎರಡನೆಯ ಗರ್ಭದ ಲೆಕ್ಕಕ್ಕೆ ಸೇರುವುದಿಲ್ಲ, ಪ್ರತಿ ಬಾರಿಯೂ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮುಂದಿನ ಇಬ್ಬರೂ ಓ ಆಗುವ ಸಾಧ್ಯತೆ ಕೇಳಿದರೆ 1/4 × 1/4 = 1/16.

ಮೂರನೆಯದು ಸ್ವಲ್ಪ ಬಿಗಿಯಾದ ಲೆಕ್ಕ. ಒಬ್ಬ ಮಹಿಳೆಯ ಗುಂಪು ಎ. ಆಕೆಯ ತಂದೆ ತಾಯಿ ಇಬ್ಬರೂ ಎ, ತಮ್ಮ ಮಾತ್ರ ಓ. ಆಕೆ ಓ ಗುಂಪಿನವರನ್ನು ಮದುವೆಯಾಗಿದ್ದಾರೆ. ಮೊದಲ ಮಗು ಓ ಆಗುವ ಸಾಧ್ಯತೆ ಎಷ್ಟು?

ತಮ್ಮ ಓ ಆದ್ದರಿಂದ ತಂದೆ ತಾಯಿ ಇಬ್ಬರೂ Iᴬ i. ಅವರ ಮಕ್ಕಳ ನಾಲ್ಕು ಸಾಧ್ಯತೆಗಳು: Iᴬ Iᴬ ಒಂದು, Iᴬ i ಎರಡು, i i ಒಂದು. ಮಹಿಳೆಯ ಗುಂಪು ಎ ಎಂದು ನಮಗೆ ಗೊತ್ತು. ಆದ್ದರಿಂದ i i ಅನ್ನು ಎಣಿಕೆಯಿಂದ ಕೈಬಿಡಬೇಕು. ಉಳಿದದ್ದು ಮೂರು, ಅದರಲ್ಲಿ ಎರಡು Iᴬ i. ಅಂದರೆ ಆಕೆ i ಹೊತ್ತಿರುವ ಸಾಧ್ಯತೆ 2/3. ಹೊತ್ತಿದ್ದರೆ ಅದು ಮಗುವಿಗೆ ದಾಟುವ ಸಾಧ್ಯತೆ 1/2. ಗಂಡನಿಂದ i ಬರುವುದು ಖಚಿತ. ಒಟ್ಟು 2/3 × 1/2 = 1/3. ಇಲ್ಲಿ ಆಗುವ ತಪ್ಪು ಎರಡು ಬಗೆಯದು. ಕೆಲವರು ಆಕೆ Iᴬ i ಎಂದು ಮೊದಲೇ ನಿಶ್ಚಯಿಸಿಕೊಂಡು 1/2 ಎನ್ನುತ್ತಾರೆ. ಇನ್ನು ಕೆಲವರು i i ಅನ್ನು ಕೈಬಿಡಲು ಮರೆತು, 2/3ರ ಬದಲು 2/4 ತೆಗೆದುಕೊಂಡು 1/4 ಎನ್ನುತ್ತಾರೆ.

ಮೊದಲ ಮಗು ಓ ಆಗಿಯೇ ಹುಟ್ಟಿತು ಎನ್ನಿ. ಎರಡನೆಯದು ಓ ಆಗುವ ಸಾಧ್ಯತೆ ಈಗ ಎಷ್ಟು? ಮತ್ತೆ 1/3 ಅಲ್ಲ. ಮೊದಲ ಮಗುವಿನಿಂದ ತಾಯಿ Iᴬ i ಎಂದು ಖಚಿತವಾಗಿಹೋಯಿತು, ಹಾಗಾಗಿ 1/2. ತಾಯಿಯ ಆಲೀಲ್ ಬದಲಾಗಲಿಲ್ಲ, ಅವುಗಳ ಬಗ್ಗೆ ನಮಗಿದ್ದ ತಿಳಿವಳಿಕೆ ಬದಲಾಯಿತು. ಹಿಂದಿನ ಲೆಕ್ಕದಲ್ಲಿ ತಂದೆ ತಾಯಿಯ ಜೋಡಿ ಮೊದಲೇ ಖಚಿತವಾಗಿತ್ತು, ಅದಕ್ಕೇ ಅಲ್ಲಿ ಸಾಧ್ಯತೆ ಕದಲಲಿಲ್ಲ.

ಕೋರ್ಟಿಗೆ ಹೋದ ಲೆಕ್ಕ

ಇದೇ ಲೆಕ್ಕ ಚಾರ್ಲಿ ಚಾಪ್ಲಿನ್ ಮೇಲಿನ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದೆ ಬಂದಿತ್ತು. ತನ್ನ ಮಗುವಿಗೆ ಚಾಪ್ಲಿನ್ ಅವರೇ ತಂದೆ ಎಂದು ಜೋನ್ ಬ್ಯಾರಿ 1943ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ರಕ್ತಪರೀಕ್ಷೆ ನಡೆಯಿತು. ತಾಯಿ ಎ, ಮಗು ಬಿ, ಚಾಪ್ಲಿನ್ ಓ.

ನೀವೇ ಬಿಡಿಸಿ ನೋಡಿ. ಮಗು ಬಿ ಆದ್ದರಿಂದ ಅದರಲ್ಲಿ Iᴮ ಇರಲೇಬೇಕು. ತಾಯಿ ಎ, Iᴬ Iᴬ ಆಗಿರಲಿ Iᴬ i ಆಗಿರಲಿ, ಆಕೆಯ ಬಳಿ Iᴮ ಇಲ್ಲ. ಹಾಗಾದರೆ Iᴮ ತಂದೆಯಿಂದಲೇ ಬರಬೇಕು. ತಂದೆಯ ಗುಂಪು ಬಿ ಅಥವಾ ಎಬಿ ಆಗಿರಬೇಕು. ಚಾಪ್ಲಿನ್ i i. ಅವರು ತಂದೆಯಲ್ಲ. ಮಗುವಿನ ಇನ್ನೊಂದು ಆಲೀಲ್ ತಾಯಿಯದು, ಅದು Iᴬ ಆಗಿದ್ದರೆ ಮಗು ಎಬಿ ಆಗುತ್ತಿತ್ತು. ಆದ್ದರಿಂದ ಅದು i. ತಾಯಿ Iᴬ i ಎಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಲೆಕ್ಕ ಇಷ್ಟು ನಿಚ್ಚಳವಾಗಿದ್ದರೂ ಆಗಿನ ಕ್ಯಾಲಿಫೋರ್ನಿಯಾದ ಕಾನೂನು ರಕ್ತಪರೀಕ್ಷೆಯನ್ನು ಅಂತಿಮ ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. 1945ರಲ್ಲಿ ಜ್ಯೂರಿ ಚಾಪ್ಲಿನ್ ಅವರೇ ತಂದೆ ಎಂದಿತು, ಮಗುವಿನ ಪೋಷಣೆಯ ವೆಚ್ಚವನ್ನು ಅವರೇ ಭರಿಸಬೇಕಾಯಿತು. 1953ರಲ್ಲಿ ಆ ರಾಜ್ಯದ ಕಾನೂನು ಬದಲಾಯಿತು.

ಈ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ರಕ್ತದ ಗುಂಪಿನಿಂದ ಒಬ್ಬರು ತಂದೆಯಲ್ಲ ಎಂದು ಹೇಳಬಹುದೇ ಹೊರತು ಇಂಥವರೇ ತಂದೆ ಎಂದು ಹೇಳಲಾಗದು. ಚಾಪ್ಲಿನ್ ಗುಂಪು ಬಿ ಆಗಿದ್ದಿದ್ದರೆ ಆ ಪರೀಕ್ಷೆಯಿಂದ ಏನೂ ತೀರ್ಮಾನವಾಗುತ್ತಿರಲಿಲ್ಲ. ಬಿ ಗುಂಪಿನ ಗಂಡಸರು ಲಕ್ಷಾಂತರ ಮಂದಿ ಇರುತ್ತಾರೆ.

ಲೆಕ್ಕಕ್ಕೆ ಸಿಗದ ರಕ್ತ

ತಂದೆಯಲ್ಲ ಎಂದು ಹೇಳುವುದಕ್ಕೂ ಒಂದು ಮಿತಿ ಉಂಟು. ಆ ಮಿತಿ ಪತ್ತೆಯಾದದ್ದು ನಮ್ಮ ದೇಶದಲ್ಲೇ. 1952ರಲ್ಲಿ ಮುಂಬಯಿಯ ವೈದ್ಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಕೆಲವರ ರಕ್ತದಲ್ಲಿ ವಿಚಿತ್ರವೊಂದನ್ನು ಕಂಡರು. ಗಾಜಿನ ಪಟ್ಟಿಯ ಮೇಲೆ ಅದು ಓ ಗುಂಪಿನಂತೆಯೇ ನಯವಾಗಿ ಉಳಿಯುತ್ತಿತ್ತು, ಆದರೆ ಯಾವ ಓ ಗುಂಪಿನ ರಕ್ತವೂ ಅವರಿಗೆ ಹೊಂದುತ್ತಿರಲಿಲ್ಲ. ಇದಕ್ಕೆ ಬಾಂಬೆ ರಕ್ತದ ಗುಂಪು ಎಂಬ ಹೆಸರು ನಿಂತಿತು.

ಇದರ ಮೂಲ ಇರುವುದು 19ನೇ ವರ್ಣತಂತುವಿನಲ್ಲಿರುವ ಬೇರೊಂದು ವಂಶವಾಹಿಯಲ್ಲಿ. ಎಚ್ ಸರಪಳಿಯನ್ನು ಪೂರ್ಣಗೊಳಿಸುವುದು ಅದರ ಕೆಲಸ. ಅದರ ಎರಡು ಪ್ರತಿಗಳೂ ಕೆಟ್ಟಿದ್ದರೆ, ಅಂದರೆ ವ್ಯಕ್ತಿ hh ಆಗಿದ್ದರೆ, ಎಚ್ ಆಂಟಿಜನ್ ಇರುವುದೇ ಇಲ್ಲ. Iᴬ ಅಥವಾ Iᴮ ಇದ್ದರೂ ಅವುಗಳ ಕಿಣ್ವಕ್ಕೆ ಸಕ್ಕರೆ ಜೋಡಿಸಲು ಜಾಗವಿಲ್ಲ. ಪರೀಕ್ಷೆಯಲ್ಲಿ ಓ ಎಂದು ಕಾಣುವ ಬಾಂಬೆ ಗುಂಪಿನ ತಂದೆಯೊಬ್ಬ Iᴮ ಅನ್ನು ಒಳಗೇ ಹೊತ್ತಿರಬಹುದು. ಓ ಗುಂಪಿನ ಹೆಂಡತಿಯಲ್ಲಿ ಆತನಿಗೆ ಬಿ ಗುಂಪಿನ ಮಗು ಹುಟ್ಟಬಹುದು. ಮಗುವಿಗೆ ತಾಯಿಯಿಂದ ಸರಿಯಾದ H ಸಿಕ್ಕಿರುವುದರಿಂದ ತಂದೆಯಲ್ಲಿ ಕಾಣದ ಬಿ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೋಷ್ಟಕದ ಪ್ರಕಾರ ಇದು ಅಸಾಧ್ಯ, ಆದರೂ ಆತನೇ ತಂದೆ. ಆದ್ದರಿಂದ ಲೆಕ್ಕ ಕೂಡಿಬರದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಮನುಷ್ಯರನ್ನಲ್ಲ, ಪರೀಕ್ಷೆಯ ಫಲಿತಾಂಶವನ್ನು. ಮತ್ತೊಮ್ಮೆ ಗುಂಪು ನೋಡಿಸಬೇಕು, ಎಚ್ ಆಂಟಿಜನ್ ಇದೆಯೇ ಎಂದು ಪರೀಕ್ಷಿಸಬೇಕು. ಆಮೇಲೂ ಪ್ರಶ್ನೆ ಉಳಿದರೆ ಡಿಎನ್ಎ ಪರೀಕ್ಷೆ ಇದೆ.

ಭಾರತದಲ್ಲಿ ಬಾಂಬೆ ಗುಂಪಿನವರು ಸುಮಾರು 10,000ಕ್ಕೆ ಒಬ್ಬರು. ಅವರಿಗೆ ಬಾಂಬೆ ಗುಂಪಿನ ರಕ್ತವನ್ನು ಮಾತ್ರ ಕೊಡಬಹುದು. ಇಲ್ಲೂ ಅದೇ ಚೌಕದ ಲೆಕ್ಕ ನೆರವಿಗೆ ಬರುತ್ತದೆ. ತಂದೆ ತಾಯಿ ಇಬ್ಬರೂ Hh ಆಗಿದ್ದು ಒಬ್ಬ ಮಗ hh ಆಗಿದ್ದರೆ, ಅವನ ಒಡಹುಟ್ಟಿದ ಪ್ರತಿಯೊಬ್ಬರೂ hh ಆಗಿರುವ ಸಾಧ್ಯತೆ 1/4. ಹೊರಗೆ ಹತ್ತು ಸಾವಿರ ಜನರಲ್ಲಿ ಹುಡುಕಬೇಕಾದ ರಕ್ತ ಮನೆಯೊಳಗೇ ನಾಲ್ವರಲ್ಲಿ ಒಬ್ಬರ ಬಳಿ ಇರಬಹುದು. ನಿಮ್ಮ ಕುಟುಂಬದಲ್ಲಿ ಯಾರದಾದರೂ ಬಾಂಬೆ ಗುಂಪು ಎಂದು ಗೊತ್ತಾದರೆ, ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಹತ್ತಿರದ ರಕ್ತನಿಧಿಯಲ್ಲಿ ಹೆಸರು ಬರೆಸಿಡಿ.